ಕುಳಿತು ಮಾಡುವ ಕೆಲಸಕ್ಕೂ ಕಾಲು ಬೇಕಾಗುತ್ತದೆ: ತಮ್ಮನಿಗೆ ಏನು ದಾರಿ?

ಮಿರ್ಜಾನದ ಅಕ್ಕ

ನನ್ನ ತಮ್ಮನಿಗೆ 34 ವರ್ಷ. ಸಿದ್ದಾಪುರ, ಶಿರಸಿ ಕಡೆಯ ತೋಟಗಳಲ್ಲಿ ಹನ್ನೆರಡು ವರ್ಷ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಾಗಿ ದುಡಿದವನು. ಹದಿನಾಲ್ಕು ತಿಂಗಳ ಹಿಂದೆ ಕೊಯ್ಲಿನ ವೇಳೆ ಮರ ಮುರಿದು ಬಿದ್ದ. ಬೆನ್ನುಮೂಳೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಈಗ ಬಲತೊಡೆ ಸ್ವಲ್ಪ ಅಲುಗುತ್ತದೆ, ಮೊಣಕಾಲಿನಿಂದ ಕೆಳಗೆ ಎರಡೂ ಕಾಲುಗಳಲ್ಲಿ ಚಲನೆಯಿಲ್ಲ. ಕೈಗಳಿಗೆ ಮೊದಲಿನ ಶಕ್ತಿಯೇ ಇದೆ. ಗಾಲಿಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾನೆ.

ಅಡಿಕೆಯೊಂದಿಗೇ ಬೆಳೆದವನಲ್ಲವೇ, ಸುಲಿಯುವುದು ಕುಳಿತು ಮಾಡುವ ಕೆಲಸ, ಅದನ್ನಾದರೂ ಮಾಡಬಹುದು ಎಂದುಕೊಂಡು ಪಕ್ಕದ ತೋಟದವರಿಂದ ಒಂದು ಬುಟ್ಟಿ ಅಡಿಕೆ ತಂದೆ. ಮೆಟ್ಟುಗತ್ತಿಯನ್ನು ಮೇಜಿನ ಮೇಲಿಟ್ಟು ಕೊಟ್ಟೆ. ಮೂರನೆಯ ಅಡಿಕೆಗೇ ಹಲಗೆ ಜಾರಿ ಕತ್ತಿ ವಾಲಿತು. ಅವನು ಏನೂ ಹೇಳದೆ ಬುಟ್ಟಿಯನ್ನು ನನ್ನ ಕಡೆಗೆ ತಳ್ಳಿದ. ಆ ಹಲಗೆಯನ್ನು ಕಾಲಿನಲ್ಲಿ ಮೆಟ್ಟಿ ಹಿಡಿಯುವುದರಿಂದಲೇ ಅದಕ್ಕೆ ಮೆಟ್ಟುಗತ್ತಿ ಎಂಬ ಹೆಸರು ಎನ್ನುವುದು ಆಗ ಹೊಳೆಯಿತು.

ಮನೆಯಲ್ಲೇ ಕುಳಿತು ಕೈಯಿಂದಲೋ ಮಾತಿನಿಂದಲೋ ದಿನಕ್ಕೆ ಇನ್ನೂರು, ಮುನ್ನೂರು ರೂಪಾಯಿ ದುಡಿಯಲು ಯಾವ ದಾರಿ ಇದೆ? ಮಾಡಿ ನೋಡಿದವರು ಹೇಳಿದರೆ ಉಪಕಾರವಾಗುತ್ತದೆ.

ತೋಟದಮನೆ, ಹೆಗಡೆಕಟ್ಟಾ

ಈಗ ಮರ ಹತ್ತುವ ಅಗತ್ಯವೇ ಇಲ್ಲ ತಂಗಿ. ಉದ್ದನೆಯ ಹಗುರ ದೋಟಿಗಳು ಬಂದಿವೆ, ನೆಲದಲ್ಲಿ ನಿಂತೇ ಕೊನೆ ಇಳಿಸಬಹುದು. ನಮ್ಮಲ್ಲಿ ಹೋದ ವರ್ಷದಿಂದ ಅದರಲ್ಲೇ ಕೊಯ್ಲು. ನಿನ್ನ ತಮ್ಮನಿಗೆ ಕೊನೆಯ ಹದ ಗೊತ್ತಿದೆ, ಬೇಗ ಕಲಿಯುತ್ತಾನೆ.

ಮಿರ್ಜಾನದ ಅಕ್ಕ

ಅಣ್ಣ, ಅವನಿಗೆ ನಿಲ್ಲಲು ಆಗುವುದಿಲ್ಲ.

ತೋಟದಮನೆ, ಹೆಗಡೆಕಟ್ಟಾ

ಅವಸರದಲ್ಲಿ ಓದಿ ತಪ್ಪು ತಿಳಿದುಕೊಂಡೆ, ಮನ್ನಿಸು. ಹಾಗಾದರೆ ಸುಲಿಯುವ ವಿಷಯಕ್ಕೇ ಬರುತ್ತೇನೆ. ಹಸಿ ಅಡಿಕೆ ಅವನಿಗೆ ಹೊಂದುವುದಿಲ್ಲ. ಕೊಯ್ದ ಒಂದೆರಡು ದಿನದಲ್ಲಿ ಸುಲಿದು ಬೇಯಿಸದಿದ್ದರೆ ಕೆಂಪಡಿಕೆಯ ಬಣ್ಣ ಕೆಡುತ್ತದೆ. ಅದಕ್ಕೇ ನಮ್ಮ ಅಂಗಳದಲ್ಲಿ ರಾತ್ರಿಯವರೆಗೂ ಹತ್ತು ಹದಿನೈದು ಜನ ಸಾಲಾಗಿ ಕುಳಿತು ಸುಲಿಯುತ್ತಾರೆ. ಅಡಿಕೆ ಅವರ ಮನೆಗೆ ಹೋಗುವುದಿಲ್ಲ, ಅವರೇ ಅಡಿಕೆಯ ಹತ್ತಿರ ಬರಬೇಕು. ನಡುವೆ ಎದ್ದು ಮಲಗಿ ಬರುತ್ತೇನೆ ಎಂದರೆ ನಡೆಯುವ ಕೆಲಸವಲ್ಲ.

ಚಾಲಿಯ ಲೆಕ್ಕ ಬೇರೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ನಲವತ್ತು ದಿನಗಳಷ್ಟು ಒಣಗಿಸಿ ಚೀಲ ತುಂಬಿ ಅಟ್ಟಕ್ಕೆ ಏರಿಸಿದರೆ ಅದು ಕಾಯುತ್ತದೆ. ಧಾರಣೆ ನೋಡಿಕೊಂಡು ಆರು ತಿಂಗಳ ನಂತರವೂ ಸುಲಿಸುತ್ತೇವೆ. ಒಂದು ಚೀಲ ಅವನ ಮನೆಗೆ ಬಂದು, ಎಂಟು ದಿನ ಬಿಟ್ಟು ಹೋದರೂ ನಷ್ಟವಿಲ್ಲ. ಅಡಿಕೆಯಲ್ಲೇ ಇರಬೇಕು ಎನ್ನುವುದಾದರೆ ಚಾಲಿಯನ್ನು ಹಿಡಿಯಲಿ.

ಮುಚ್ಚುಮರೆ ಇಲ್ಲದೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ಚಾಲಿ ಸುಲಿಯುವ ಯಂತ್ರ ಈಗ ಊರೂರಿಗೆ ಬಾಡಿಗೆಗೆ ಬರುತ್ತದೆ. ದೊಡ್ಡ ಬೆಳೆಗಾರರು ಕೈಯಲ್ಲಿ ಸುಲಿಸುವುದು ಕಡಿಮೆಯಾಗಿದೆ. ಉಳಿದಿರುವುದು ಐದಾರು ಚೀಲದ ಸಣ್ಣ ಮನೆಗಳು, ಯಂತ್ರ ಬಿಟ್ಟ ಸಣ್ಣ ಕಾಯಿಗಳು ಮತ್ತು ಆರಿಸುವ ಕೆಲಸ. ಚಾಲಿ, ಕೋಕಾ, ಬಿಳಿಗೋಟು ಎಂದು ಬೇರೆ ಮಾಡುವುದಕ್ಕೆ ಕಣ್ಣು ಬೇಕು, ಅದು ಕೊನೆಗೌಡನಾಗಿದ್ದವನಿಗೆ ಇದ್ದೇ ಇರುತ್ತದೆ. ಅದಕ್ಕೆ ಕತ್ತಿಯೂ ಬೇಡ, ಮೊರ ಸಾಕು.

ಬೈತಖೋಲದ ಬಲೆಗಾರ

ಅಕ್ಕ, ನಿಮ್ಮ ಮೆಟ್ಟುಗತ್ತಿಯ ಕಥೆ ಓದಿದಾಗ ನಮ್ಮ ಕೆಲಸವೂ ಹಾಗೆಯೇ ಎನಿಸಿತು. ಬಲೆ ದುರಸ್ತಿ ಮಾಡುವವರನ್ನು ದೂರದಿಂದ ನೋಡಿದರೆ ಕಾಲು ಚಾಚಿ ಸುಮ್ಮನೆ ಕುಳಿತಂತೆ ಕಾಣುತ್ತದೆ. ಆದರೆ ಬಲೆಯನ್ನು ಬಿಗಿಯಾಗಿ ಹಿಡಿದಿರುವುದು ಕಾಲಿನ ಹೆಬ್ಬೆರಳು. ಬಲೆ ಸಡಿಲವಾಗಿದ್ದರೆ ಕಣ್ಣುಗಳು ಒಂದೇ ಅಳತೆಗೆ ಬರುವುದಿಲ್ಲ.

ನಮ್ಮ ದಕ್ಕೆಯ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದು ಒಂದು ಕಾಲು ಹೋಯಿತು. ಅವರು ಗೋಡೆಗೆ ಎದೆಯ ಎತ್ತರದಲ್ಲಿ ಎರಡು ಕಬ್ಬಿಣದ ಕೊಕ್ಕೆ ಹೊಡೆಸಿ ಬಲೆಯನ್ನು ಅದಕ್ಕೆ ಸಿಕ್ಕಿಸಿ ಕೂರುತ್ತಿದ್ದರು. ಬೆರಳಿನ ಕೆಲಸವನ್ನು ಕೊಕ್ಕೆ ಮಾಡಿತು.

ಕಲಿಯಲು ಒಂದು ತಿಂಗಳು ಬೇಕು. ಗಂಟು ಹಾಕುವುದು ಎರಡು ದಿನದಲ್ಲಿ ಬರುತ್ತದೆ, ಹರಿದ ಜಾಗವನ್ನು ಕತ್ತರಿಸಿ ಸಜ್ಜುಗೊಳಿಸುವುದೇ ವಿದ್ಯೆ. ಮೂರು ಎಳೆ ಉಳಿದಿರುವ ಗಂಟಿನಿಂದ ಶುರು ಮಾಡಬೇಕು, ಮೂರು ಎಳೆ ಇರುವ ಗಂಟಿನಲ್ಲೇ ಮುಗಿಸಬೇಕು. ನಡುವಿನ ಎಲ್ಲ ಗಂಟುಗಳಲ್ಲಿ ಎರಡೇ ಎಳೆ ಉಳಿಯುವಂತೆ ಕತ್ತರಿ ಆಡಿಸಬೇಕು. ಇದನ್ನು ತಪ್ಪಿದರೆ ಕೊನೆಯಲ್ಲಿ ಒಂದು ಕಣ್ಣು ಹೆಚ್ಚೋ ಕಡಿಮೆಯೋ ಆಗಿ ಬಲೆ ಸುಕ್ಕುಗಟ್ಟುತ್ತದೆ. ನೀರಿಗೆ ಇಳಿಸಿದ ಮೇಲೆ ಅಲ್ಲಿಂದಲೇ ಮತ್ತೆ ಹರಿಯುತ್ತದೆ.

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವ ಎರಡು ತಿಂಗಳು ಈ ಕೆಲಸಕ್ಕೆ ಬಿಡುವಿರುವುದಿಲ್ಲ. ಆದರೆ ದೊಡ್ಡ ಬಲೆಗಳು ಮನೆಗೆ ಬರುವುದಿಲ್ಲ, ಅವುಗಳ ಭಾರಕ್ಕೆ ದಕ್ಕೆಯಲ್ಲೇ ಹಾಸಿ ಕೂರಬೇಕು. ನಾಡದೋಣಿಯವರ ಸಣ್ಣ ಬಲೆಯನ್ನು ಮಾತ್ರ ಚೀಲದಲ್ಲಿ ತುಂಬಿ ಮನೆಗೆ ತಂದುಕೊಡಬಹುದು. ನಿಮ್ಮ ಊರಿನಿಂದ ತದಡಿ ಹತ್ತಿರವೇ ಇದೆ, ಅಲ್ಲಿ ವಿಚಾರಿಸಿ.

ಕುಮಟಾ ಪೇಟೆ

ಇಷ್ಟೆಲ್ಲ ಏಕೆ? ಕೇರ ಸುರಕ್ಷಾ ಎಂದು ಮರ ಹತ್ತುವವರಿಗೇ ವಿಮೆ ಇದೆ, ದೊಡ್ಡ ಮೊತ್ತ ಬರುತ್ತದೆ. ಜೊತೆಗೆ ಪರಿಚಯದ ಡಾಕ್ಟರರಿಂದ ಅಂಗವಿಕಲ ಪ್ರಮಾಣಪತ್ರ ಮಾಡಿಸಿ, ತಿಂಗಳಿಗೆ ಪಿಂಚಣಿ ಬರುತ್ತದೆ.

ಸೂಜಿದಾರ, ಶಿರಸಿ

ಕುಮಟಾ ಪೇಟೆಯವರು ಹೇಳಿದ್ದರಲ್ಲಿ ಅರ್ಧ ಸರಿ. ಕೇರ ಸುರಕ್ಷಾ ತೆಂಗು ಅಭಿವೃದ್ಧಿ ಮಂಡಳಿಯದು, ತೆಂಗಿನ ಮರ ಹತ್ತುವವರಿಗೆ. ಅದೂ ಬೀಳುವುದಕ್ಕೆ ಮೊದಲೇ ನೋಂದಣಿಯಾಗಿರಬೇಕು. ಪ್ರಮಾಣಪತ್ರವನ್ನು ಪರಿಚಯದ ವೈದ್ಯರು ಕೊಡಲು ಬರುವುದಿಲ್ಲ. www.swavlambancard.gov.in ನಲ್ಲಿ ಅರ್ಜಿ ಹಾಕಿ, ಅವರು ಸೂಚಿಸುವ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬಂದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ನನಗೆ ಬರುವ ಪಿಂಚಣಿ 1,400 ರೂಪಾಯಿ. ಅದು ಔಷಧಿಗೆ ಆಗುತ್ತದೆ, ಸಂಸಾರಕ್ಕೆ ಅಲ್ಲ. ಅರ್ಜಿಯ ಕೆಲಸಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಈಗ ದುಡಿಮೆಯ ವಿಷಯ. ನಾನು ಹದಿನೇಳು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದೇನೆ, ಹನ್ನೊಂದು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ. ಅಕ್ಕ, ಯಾವ ಕೆಲಸ ಎಂದು ನಿರ್ಧರಿಸುವ ಮೊದಲು ಎರಡು ಪ್ರಶ್ನೆ. ನಿಮ್ಮ ತಮ್ಮನು ಕುರ್ಚಿಯನ್ನು ಹಿಡಿಯದೆ, ಎರಡೂ ಕೈಗಳನ್ನು ಮೇಲೆತ್ತಿ ಒಂದು ನಿಮಿಷ ಕೂರಬಲ್ಲನೇ? ಕುಂಡೆಯಲ್ಲಿ, ತೊಡೆಯಲ್ಲಿ ಬಿಸಿ, ತಂಪು, ಚುಚ್ಚಿದ್ದು ತಿಳಿಯುತ್ತದೆಯೇ?

ಮಿರ್ಜಾನದ ಅಕ್ಕ

ಇವತ್ತು ಪರೀಕ್ಷಿಸಿದೆ. ಕೈ ಎತ್ತಿ ಕೂರುತ್ತಾನೆ, ಆದರೆ ಮುಂದಕ್ಕೆ ಬಾಗಿದರೆ ತಾನೇ ನೇರವಾಗುವುದು ಕಷ್ಟ. ಬಲತೊಡೆಯ ಮೇಲ್ಭಾಗದಲ್ಲಿ ಸ್ಪರ್ಶ ಇದೆ, ಕುಂಡೆಯಲ್ಲಿ ಇಲ್ಲ. ಕೆಲವೊಮ್ಮೆ ಕಾಲು ತಾನಾಗಿಯೇ ಸೆಟೆದು ಜಿಗಿಯುತ್ತದೆ.

ಸೂಜಿದಾರ, ಶಿರಸಿ

ಹಾಗಿದ್ದರೆ ಮೊದಲು ಕೂರುವುದನ್ನು ಸರಿಪಡಿಸಿ. ನಮಗೆ ಕೂರುವುದೇ ಅಪಾಯದ ಕೆಲಸ. ಬೇರೆಯವರಿಗೆ ನೋವಾದಾಗ ಅರಿವಿಲ್ಲದೆ ಮಗ್ಗುಲು ಬದಲಿಸುತ್ತಾರೆ. ನಮಗೆ ನೋವು ತಿಳಿಯದ ಕಾರಣ ಒಂದೇ ಜಾಗದ ಮೇಲೆ ಭಾರ ಬಿದ್ದು ರಕ್ತ ಹರಿಯದೆ ಚರ್ಮ ಒಳಗಿನಿಂದಲೇ ಸಾಯುತ್ತದೆ. ನನ್ನ ಮೊದಲ ಹಬ್ಬದ ಸೀಸನ್‌ನಲ್ಲಿ ಆಸೆಗೆ ಬಿದ್ದು ದಿನಕ್ಕೆ ಒಂಬತ್ತು ಗಂಟೆ ಕುಳಿತೆ. ಹುಣ್ಣು ಮೂಳೆಯವರೆಗೆ ಹೋಯಿತು. ಐದು ತಿಂಗಳು ಬೋರಲು ಮಲಗಿದೆ. ಗಳಿಸಿದ್ದು ಅದಕ್ಕೇ ಹೋಯಿತು.

ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲ್‌ನಲ್ಲಿ ಗಂಟೆ ಇಡಿ. ಗಂಟೆ ಹೊಡೆದಾಗ ಮೇಜಿನ ಮೇಲೆ ಎದೆ ಊರಿ, ಕುಂಡೆಯ ಭಾರ ಇಳಿಯುವಂತೆ ಮುಂದಕ್ಕೆ ಬಾಗಿ ಎರಡು ನಿಮಿಷ ಇರಲಿ. ಏಳುವುದು ಕಷ್ಟ ಎಂದಿರಿ, ಮೇಜಿನ ಅಂಚನ್ನು ಕೈಯಿಂದ ತಳ್ಳಿ ಏಳಬಹುದು. ಅದಕ್ಕೆ ಮೇಜು ಭಾರವಾಗಿರಬೇಕು. ಒಳ್ಳೆಯ ಫೋಮ್ ದಿಂಬು ಇರಲಿ, ನಡುವೆ ತೂತಿರುವ ಗಾಳಿಯ ಬಳೆ ಬೇಡ. ಅದು ಸುತ್ತಲಿನ ರಕ್ತವನ್ನು ಒತ್ತಿ ನಿಲ್ಲಿಸುತ್ತದೆ. ರಾತ್ರಿ ಕುಂಡೆಯನ್ನು ಕನ್ನಡಿಯಲ್ಲಿ ನೋಡಿ. ಕೆಂಪಾದದ್ದು ಅರ್ಧ ಗಂಟೆಯಲ್ಲಿ ಮಾಸದಿದ್ದರೆ ಮರುದಿನ ಕೂರುವಂತಿಲ್ಲ, ಯಾರ ಮದುವೆಯ ಸೀರೆ ಬಾಕಿಯಿದ್ದರೂ ಸರಿ.

ಆದ್ದರಿಂದ ನಡುವೆ ನಿಲ್ಲಿಸಬಹುದಾದ ಕೆಲಸವನ್ನೇ ಆರಿಸಬೇಕು. ತೋಟದಮನೆಯವರು ಹಸಿ ಅಡಿಕೆ ಬೇಡ ಎಂದದ್ದು ಈ ಲೆಕ್ಕದಲ್ಲೂ ಸರಿ.

ಕಡವಾಡದಿಂದ

ನನ್ನ ಹೆಂಡತಿಗೆ ಪೋಲಿಯೊ. ಅವಳು ಕೈಮಷಿನ್‌ನಲ್ಲಿ ಹೊಲಿಯುತ್ತಾಳೆ, ಮೋಟಾರು, ವಿದ್ಯುತ್ತು ಯಾವುದೂ ಬೇಡ. ಮೂರು ಸಾವಿರದೊಳಗೆ ಹಳೆಯದು ಸಿಗುತ್ತದೆ. ಅದನ್ನೇ ಕೊಡಿಸಿ.

ಸೂಜಿದಾರ, ಶಿರಸಿ

ಕೈಮಷಿನ್ ಕಲಿಯಲು ಚೆನ್ನ. ಆದರೆ ಬಲಗೈ ಚಕ್ರ ತಿರುಗಿಸುವುದರಲ್ಲೇ ಇರುತ್ತದೆ, ಬಟ್ಟೆ ನಡೆಸಲು ಎಡಗೈ ಒಂದೇ. ಜಾರುವ ಸೀರೆಗೆ ಅದು ಸಾಲುವುದಿಲ್ಲ. ನಿಮ್ಮ ಮನೆಯವರ ಕೈಯಲ್ಲಿ ವರ್ಷಗಳ ಅಭ್ಯಾಸ ಇದೆ, ಹೊಸಬರಿಗೆ ದಿನದ ಕೂಲಿ ಹುಟ್ಟುವುದು ಕಷ್ಟ.

ನಾನು ಮಾಡಿದ್ದನ್ನು ಹೇಳುತ್ತೇನೆ. ಹಳೆಯ ಕಾಲುಮಷಿನ್‌ನ ತಲೆಯನ್ನು ಮಾತ್ರ ಇಟ್ಟುಕೊಂಡು ಕಬ್ಬಿಣದ ಸ್ಟ್ಯಾಂಡು ಮಾರಿದೆ, ಏಕೆಂದರೆ ಅದರ ಅಡ್ಡಪಟ್ಟಿ ಗಾಲಿಕುರ್ಚಿಯನ್ನು ಒಳಗೆ ಬಿಡುವುದಿಲ್ಲ. ಕೆಳಗೆ ಖಾಲಿ ಇರುವ ಗಟ್ಟಿ ಮೇಜು ಮಾಡಿಸಿದೆ. ತಲೆಯ ಹಿಂಬದಿಗೆ ಸಣ್ಣ ಮೋಟಾರು ಕೂರಿಸಿದರು. ಅದರ ಜೊತೆಗೆ ಕಾಲಿನಲ್ಲಿ ಒತ್ತುವ ಪೆಡಲ್ ಬರುತ್ತದೆ, ಹೆಚ್ಚು ಒತ್ತಿದರೆ ಹೆಚ್ಚು ವೇಗ.

ಅದನ್ನು ತೊಡೆಯ ಕೆಳಗೋ ಮೊಣಕಾಲಿನ ಪಕ್ಕವೋ ಇಡಿ ಎಂದು ಅಂಗಡಿಯವರು ಹೇಳಬಹುದು, ಕೇಳಬೇಡಿ. ತಮ್ಮನ ಕಾಲು ತಾನಾಗಿ ಸೆಟೆಯುತ್ತದೆ ಎಂದಿರಿ. ಹಾಗೆ ಸೆಟೆದ ಕ್ಷಣ ಮಷಿನ್ ಪೂರ್ಣ ವೇಗದಲ್ಲಿ ಓಡಿ ಸೂಜಿ ಬೆರಳಿಗೆ ಇಳಿಯುತ್ತದೆ. ಪೆಡಲ್ ಬಿಸಿಯಾದರೂ ಆ ಚರ್ಮಕ್ಕೆ ತಿಳಿಯುವುದಿಲ್ಲ. ನನ್ನದು ಮೇಜಿನ ಮೇಲೆ, ಬಲ ಮೊಣಕೈಯ ಕೆಳಗಿದೆ. ಎರಡೂ ಅಂಗೈ ಬಟ್ಟೆಯ ಮೇಲೆಯೇ ಇರುತ್ತವೆ, ಮೊಣಕೈ ತಗ್ಗಿಸಿದರೆ ಹೊಲಿಗೆ ಓಡುತ್ತದೆ, ಎತ್ತಿದರೆ ನಿಲ್ಲುತ್ತದೆ.

ಮೊದಲ ವಾರ ಬಟ್ಟೆಯೆಲ್ಲ ಹಾಳಾಯಿತು. ಮೊಣಕೈಗೆ ಪಾದದಷ್ಟು ನಾಜೂಕು ಇಲ್ಲ, ಒಮ್ಮೆಗೇ ಪೂರ್ತಿ ಒತ್ತಿಬಿಡುತ್ತದೆ. ಪೆಡಲ್‌ನ ಎರಡು ಭಾಗಗಳ ಸಂದಿಗೆ ಮರದ ತುಂಡೊಂದನ್ನು ಇಟ್ಟೆ. ಎಷ್ಟೇ ಒತ್ತಿದರೂ ಅರ್ಧಕ್ಕಿಂತ ಕೆಳಗೆ ಹೋಗದು, ವೇಗ ಅಲ್ಲಿಗೇ ನಿಲ್ಲುತ್ತದೆ. ಕೈ ಪಳಗಿದಂತೆ ತುಂಡನ್ನು ತೆಳುಗೊಳಿಸುತ್ತ ಬಂದೆ. ಒಂದು ಎಚ್ಚರಿಕೆ: ಮೊಣಕೈಯನ್ನು ಅದರ ಮೇಲೆ ಸುಮ್ಮನೆ ಊರಿ ಕೂರಬಾರದು. ಮಷಿನ್ ತಿರುಗದೆ ಗುಂಯ್ ಎನ್ನುತ್ತಿದ್ದರೆ ಮೋಟಾರು ಬಿಸಿಯಾಗುತ್ತಿದೆ ಎಂದೇ ಅರ್ಥ. ಸುಟ್ಟ ವಾಸನೆ ಬರುವವರೆಗೆ ಕಾದರೆ ಸುರುಳಿಯೇ ಹೋಗುತ್ತದೆ.

ಹಣ ಇದ್ದರೆ ಗುಂಡಿಯಿಂದ ಶುರುವಾಗುವ ಎಲೆಕ್ಟ್ರಾನಿಕ್ ಮಷಿನ್ ಇದೆ, ವೇಗವನ್ನು ಬೆರಳಿನಿಂದ ಸರಿಸಿ ನಿಗದಿ ಮಾಡಬಹುದು. ಅದರಲ್ಲಿ ಪೆಡಲ್‌ನ ತಂತಿ ಸಿಕ್ಕಿಸಿದ್ದರೆ ಸಾಮಾನ್ಯವಾಗಿ ಗುಂಡಿ ಕೆಲಸ ಮಾಡುವುದಿಲ್ಲ. ನನ್ನ ಗೆಳೆಯರೊಬ್ಬರು ಇದು ತಿಳಿಯದೆ ಹೊಸ ಮಷಿನ್ ಕೆಟ್ಟಿದೆ ಎಂದು ಹಿಂದಿರುಗಿಸಲು ಹೋಗಿದ್ದರು.

ಕುಮಟಾ ಪೇಟೆ

ಕೇರ ಸುರಕ್ಷಾ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ಒಂದು ಪ್ರಶ್ನೆ, ಹಳ್ಳಿಯಲ್ಲಿ ಹೊಲಿಗೆಗೆ ಗಿರಾಕಿ ಎಲ್ಲಿ? ರೆಡಿಮೇಡ್ ಬಂದ ಮೇಲೆ ನಮ್ಮ ಪೇಟೆಯ ದರ್ಜಿಗಳೇ ಖಾಲಿ ಕುಳಿತಿದ್ದಾರೆ.

ಸೂಜಿದಾರ, ಶಿರಸಿ

ಶರ್ಟು, ಪ್ಯಾಂಟಿಗೆ ಇಲ್ಲ. ಸೀರೆಗೆ ಇದೆ, ರೆಡಿಮೇಡ್ ಬಟ್ಟೆಯನ್ನು ಅಳತೆಗೆ ತಗ್ಗಿಸುವುದಕ್ಕೂ ಇದೆ. ನಾನು ಬ್ಲೌಸಿಗೆ ಕೈ ಹಾಕಿದ್ದು ಮೂರನೆಯ ವರ್ಷ. ಅದಕ್ಕೆ ಮೊದಲು ಫಾಲ್, ಅಂಚು, ಲಂಗ, ದಿಂಬಿನ ಹೊದಿಕೆ ಇಷ್ಟೇ. ನೇರ ಹೊಲಿಗೆ, ಅಳತೆ ತಪ್ಪುವ ಭಯವಿಲ್ಲ.

ಒಂದು ಸೀರೆಯ ಲೆಕ್ಕ ಹೇಳುತ್ತೇನೆ. ಫಾಲ್ ಹಚ್ಚಿ ಅಂಚು ಮಡಚಿ ಹೊಲಿದುಕೊಟ್ಟರೆ ನಾನು 100 ರೂಪಾಯಿ ತೆಗೆದುಕೊಳ್ಳುತ್ತೇನೆ. ಫಾಲ್ ಬಟ್ಟೆ, ದಾರಕ್ಕೆ 30 ಹೋದರೆ ಉಳಿಯುವುದು 70. ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ದಿನಕ್ಕೆ ನಾಲ್ಕು ಸೀರೆ, ವಿರಾಮವೂ ಸೇರಿ ನಾಲ್ಕು ಗಂಟೆ, 280 ರೂಪಾಯಿ. ಆದರೆ ನಾಲ್ಕು ಸೀರೆ ಎಲ್ಲ ದಿನವೂ ಬರುವುದಿಲ್ಲ. ಮೊದಲ ತಿಂಗಳು ನನಗೆ ಬಂದದ್ದು ಒಟ್ಟು ಹನ್ನೊಂದು. ಆಷಾಢದಲ್ಲಿ ಈಗಲೂ ಕಡಿಮೆ, ಶ್ರಾವಣದಿಂದ ದೀಪಾವಳಿಯವರೆಗೆ ಬಿಡುವಿಲ್ಲ.

ಫಾಲ್ ಬಟ್ಟೆಯನ್ನು ರಾತ್ರಿಯೇ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಡಬೇಕು. ನೆನೆಸದೆ ಹಚ್ಚಿದರೆ ಮೊದಲ ಒಗೆತಕ್ಕೆ ಫಾಲ್ ಕುಗ್ಗಿ ಸೀರೆಯ ಅಂಚು ನೆರಿಗೆಯಾಗುತ್ತದೆ. ಆ ಗಿರಾಕಿ ಮತ್ತೆ ಬರುವುದಿಲ್ಲ, ಓಣಿಗೆಲ್ಲ ಹೇಳುತ್ತಾಳೆ ಕೂಡ.

ನಿವೃತ್ತ ಮಾಸ್ತರು, ಹೊನ್ನಾವರ

ಧ್ವನಿಯ ಬಗ್ಗೆ ಯಾರೂ ಹೇಳಲಿಲ್ಲ. ತಾಳಮದ್ದಳೆ ಕುಳಿತೇ ಮಾಡುವ ಕಲೆ. ಹುಡುಗನಿಗೆ ಮಾತು ಚೆನ್ನಾಗಿದ್ದರೆ ಅರ್ಥ ಹೇಳಲು ಕಲಿಯಲಿ. ನಾನು ಮೂವತ್ತು ವರ್ಷ ಹೇಳಿದ್ದೇನೆ. ಸಂಭಾವನೆಯಿಂದ ಮನೆ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ, ನನ್ನ ಮನೆ ನಡೆದದ್ದು ಸಂಬಳದಿಂದ. ರಾತ್ರಿ ಪ್ರಯಾಣ, ಮೆಟ್ಟಿಲಿನ ವೇದಿಕೆ ಕೂಡ ತೊಡಕೇ. ಆದರೂ ವಾರಕ್ಕೊಮ್ಮೆ ನಾಲ್ಕು ಜನರ ನಡುವೆ ಕುಳಿತು ಮಾತನಾಡುವುದು ಬೇಕು ಎನಿಸಿದರೆ ನನಗೆ ತಿಳಿಸು ತಂಗಿ, ಪ್ರಸಂಗದ ಪುಸ್ತಕ ಕೊಡುತ್ತೇನೆ.

ಮಿರ್ಜಾನದ ಅಕ್ಕ

ಮಾಸ್ತರೇ, ಅವನು ಮೊದಲು ತೋಟದಲ್ಲಿ ಮರದ ಮೇಲಿನಿಂದಲೇ ಯಕ್ಷಗಾನದ ಪದ ಹೇಳುತ್ತಿದ್ದ. ಈಗ ಹೇಳುವುದಿಲ್ಲ. ಪುಸ್ತಕ ಕೊಡಿ, ನಾನೇ ಬಂದು ಒಯ್ಯುತ್ತೇನೆ.

ಎಲ್ಲವನ್ನೂ ಅವನಿಗೆ ಓದಿ ಹೇಳಿದೆ. ಹೊಲಿಗೆಯ ಮಾತಿಗೆ ಏನೂ ಅನ್ನಲಿಲ್ಲ. ಚಾಲಿ ಎಂದಾಗ ಮಾತ್ರ, ಕತ್ತಿಯನ್ನು ಅಲುಗದಂತೆ ಕೂರಿಸಿಕೊಟ್ಟರೆ ಸುಲಿಯುತ್ತೇನೆ ಎಂದ. ಹೇಗೆ ಕೂರಿಸಲಿ?

ತೋಟದಮನೆ, ಹೆಗಡೆಕಟ್ಟಾ

ಹಲಗೆಗೆ ಎರಡು ತೂತು ಕೊರೆದು ಮೇಜಿಗೆ ಬೋಲ್ಟ್ ಹಾಕಿಸಿದರೆ ಆಯಿತು. ಮೇಜಿನ ಕೆಳಪಟ್ಟಿಯ ಮೇಲೆ ಎರಡು ಚಿರೇಕಲ್ಲು ಇಡಿ, ಮುಂದಕ್ಕೆ ವಾಲುವುದಿಲ್ಲ.

ಸೂಜಿದಾರ, ಶಿರಸಿ

ಬೋಲ್ಟು ಸರಿ, ಎತ್ತರ ಸರಿಯಾಗದು. ನೆಲದಲ್ಲಿ ಕುಳಿತವರು ಅಡಿಕೆಯನ್ನು ಕತ್ತಿಗೆ ಒತ್ತುವಾಗ ಹೆಗಲಿನ ಭಾರ ಹಾಕುತ್ತಾರೆ. ಮೇಜಿನ ಮೇಲಿಟ್ಟರೆ ಕತ್ತಿ ಎದೆಯ ಮಟ್ಟಕ್ಕೆ ಬಂದು ಇಡೀ ಒತ್ತಡ ಮಣಿಕಟ್ಟಿನ ಮೇಲೆ ಬೀಳುತ್ತದೆ. ಒಣಗಿದ ಚಾಲಿಯ ಸಿಪ್ಪೆ ಗಟ್ಟಿ, ವಾರದಲ್ಲಿ ಮಣಿಕಟ್ಟು ಊದುತ್ತದೆ. ಮೇಜು ತಗ್ಗಿಸೋಣ ಎಂದರೆ ಮೊಣಕಾಲು ಅಡ್ಡ. ಮುಂದಕ್ಕೆ ಬಾಗಿ ಒತ್ತಲಿ ಎಂದರೆ, ಏಳುವುದು ಕಷ್ಟ ಎಂದು ನೀವೇ ಹೇಳಿದಿರಿ.

ಒಂದು ಅಡಿ ಅಗಲದ ಗಟ್ಟಿ ಕಟ್ಟೆಯನ್ನು ಮಾಡಿಸಿ ಕುರ್ಚಿಯ ಬಲಪಕ್ಕಕ್ಕೆ ನಿಲ್ಲಿಸಿ. ಕತ್ತಿಯ ತುದಿ ಮೊಣಕೈಗಿಂತ ಸ್ವಲ್ಪ ಕೆಳಗೆ ಬರಲಿ. ಆ ಪಕ್ಕದ ಕೈಯಾಸರೆ ತೆಗೆಯುವಂಥ ಕುರ್ಚಿಯೇ ನೋಡಿ. ಎದೆಗೆ ಅಗಲದ ಪಟ್ಟಿ ಕಟ್ಟಿ ಕುರ್ಚಿಯ ಬೆನ್ನಿಗೆ ಸೇರಿಸಿದರೆ ಪಕ್ಕಕ್ಕೆ ವಾಲಿದರೂ ಬೀಳುವುದಿಲ್ಲ. ತೊಡೆಯ ಮೇಲೆ ದಪ್ಪ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಸ್ಪರ್ಶವಿಲ್ಲದ ಕಡೆ ಕತ್ತಿ ತಾಗಿದರೆ ತಿಳಿಯುವುದು ರಕ್ತ ಕಂಡಾಗಲೇ.

ಹಾಗಿದ್ದರೂ ಪಕ್ಕಕ್ಕೆ ತಿರುಗಿ ದಿನವೆಲ್ಲ ದುಡಿಯುವುದು ಬೆನ್ನಿಗೆ ಒಳ್ಳೆಯದಲ್ಲ ಎಂದೇ ನನ್ನ ಅಭಿಪ್ರಾಯ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ತೋಟದಮನೆ, ಹೆಗಡೆಕಟ್ಟಾ

ನಾನು ಒಪ್ಪುವುದಿಲ್ಲ. ಬಲವಿರುವ ಕೈ, ಗೊತ್ತಿರುವ ಕೆಲಸ. ಗಂಟೆಗೊಮ್ಮೆ ಕಟ್ಟೆಯನ್ನು ಎಡಕ್ಕೆ ಸರಿಸಿಕೊಟ್ಟರೆ ಆಯಿತು.

ಬೈತಖೋಲದ ಬಲೆಗಾರ

ಎಡಗೈಯಲ್ಲಿ ಸುಲಿಯಲು ಬರಬೇಕಲ್ಲ ಹೆಗಡೆಯವರೇ.

ಮಿರ್ಜಾನದ ಅಕ್ಕ

ಒಂಬತ್ತು ದಿನವಾಯಿತು, ನಡೆದದ್ದನ್ನು ತಿಳಿಸುತ್ತೇನೆ. ವೈದ್ಯರು ಪಕ್ಕಕ್ಕೆ ತಿರುಗಿ ಒತ್ತುವ ಕೆಲಸ ಇನ್ನೂ ಆರು ತಿಂಗಳು ಬೇಡ ಎಂದರು, ಆಮೇಲೆ ನೋಡೋಣ ಎಂದರು. ತಮ್ಮನ ಮುಖ ಚಿಕ್ಕದಾಯಿತು. ಪಕ್ಕದ ತೋಟದವರು ಯಂತ್ರದಲ್ಲಿ ಸುಲಿಸಿದ ಎರಡು ಚೀಲ ಚಾಲಿಯನ್ನು ಆರಿಸಲು ಕೊಟ್ಟರು. ಮೇಜಿನ ಮೇಲೆ ಸುರಿದುಕೊಂಡು ಆರಿಸಿದ. ಯಂತ್ರದ ಹೊಡೆತಕ್ಕೆ ಸೀಳಿದ್ದನ್ನೂ ಒಳಗೆ ಹುಳ ಹಿಡಿದದ್ದನ್ನೂ ಕೈಗೆ ತೆಗೆದುಕೊಂಡ ಕೂಡಲೇ ತೂಕದಿಂದ ಹೇಳುತ್ತಾನೆ. ನನಗೆ ಒಡೆದು ನೋಡದೆ ತಿಳಿಯುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತದೆ, ಮೊದಲೆರಡು ದಿನ ಸಿಡುಕಿದ, ಈಗ ತಾನೇ ಬಾಗುತ್ತಾನೆ.

ಎರಡು ಚೀಲಕ್ಕೆ ಮೂರು ದಿನ ಹಿಡಿಯಿತು. ಕೊಟ್ಟದ್ದು 400 ರೂಪಾಯಿ. ನೀವು ಹೇಳಿದ ಲೆಕ್ಕಕ್ಕೆ ಇದು ಅರ್ಧವೂ ಆಗುವುದಿಲ್ಲ, ವರ್ಷವಿಡೀ ಸಿಗುವ ಕೆಲಸವೂ ಅಲ್ಲ. ಆದ್ದರಿಂದ ಅತ್ತೆಯ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಕಾಲುಮಷಿನ್ ತಂದಿಟ್ಟಿದ್ದೇನೆ. ತಲೆ ತುಕ್ಕು ಹಿಡಿದಿದೆ, ಚಕ್ರ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಸೂಜಿದಾರ ಅಣ್ಣ, ಇದಕ್ಕೆ ಮೋಟಾರು ಹಾಕಿಸಬಹುದೇ, ಬೇರೆ ತಲೆಯನ್ನೇ ನೋಡಬೇಕೇ?

ಸೂಜಿದಾರ, ಶಿರಸಿ

ಈಗಲೇ ಮೋಟಾರು ಹಾಕಿಸಬೇಡಿ, ಬಿಗಿಯಾದ ತಲೆಗೆ ಹಾಕಿದರೆ ಸುಡುತ್ತದೆ. ಶಟಲ್ ಬಿಚ್ಚಿ ನೋಡಿ, ಹಳೆಯ ದಾರ ಸುತ್ತಿ ಸಿಕ್ಕಿಕೊಂಡಿರುವುದೇ ಹೆಚ್ಚು. ಅದನ್ನು ತೆಗೆದು, ಎಲ್ಲ ತೂತುಗಳಿಗೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಕೈಯಿಂದ ತಿರುಗಿಸಿ, ಕಪ್ಪು ಕೊಳೆ ಒರೆಸಿ, ಮಷಿನ್ ಎಣ್ಣೆ ಹಾಕಿ. ಒಂದು ಬೆರಳಿನಿಂದ ತಳ್ಳಿದರೆ ಚಕ್ರ ಸುತ್ತುವಂತಾದರೆ ಆ ತಲೆಗೆ ಜೀವ ಇದೆ. ಬಿಚ್ಚುವ ಕೆಲಸವನ್ನು ತಮ್ಮನಿಗೇ ಕೊಡಿ. ಫೋಟೊ ತೆಗೆದು ಹಾಕಿ, ನೋಡಿ ಹೇಳುತ್ತೇನೆ.